ಅಂಗಳದ ಮೇಲ್ವಿಚಾರಕ: ಬೆಕ್ಕಿನ ಮನಸ್ಸಿಗೆ ದನಿ ಕೊಡುವ ಹಾಸ್ಯ

ಅಡಿಕೆ ಸುಗ್ಗಿ ಶುರುವಾದರೆ ಹೊಳೆಹೊನ್ನೂರು ಸುತ್ತಿನ ಮನೆಗಳ ಅಂಗಳದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬೇಯಿಸಿದ ಅಡಿಕೆ ಬಿಸಿಲಿಗೆ ಹರಡಿಕೊಂಡಿರುತ್ತದೆ. ಅದರ ನಡುವೆ ಒಂದೊಂದೇ ಪಾದ ಎತ್ತಿಡುತ್ತ ಬೂದು ಬಣ್ಣದ ಬೆಕ್ಕೊಂದು ಬರುತ್ತದೆ. ನಟ್ಟನಡುವೆ ಅಂಗೈಯಗಲ ಖಾಲಿ ಜಾಗ ಸಿಕ್ಕಿದೊಡನೆ ಬಾಲ ಸುತ್ತಿಕೊಂಡು ಕೂರುತ್ತದೆ. ಎಡಕ್ಕೆ ನೋಡುತ್ತದೆ, ಬಲಕ್ಕೆ ನೋಡುತ್ತದೆ, ಕಣ್ಣು ಅರ್ಧ ಮುಚ್ಚುತ್ತದೆ. ಮನೆಯವರ ಮೊಬೈಲಿನಲ್ಲಿ ಸೆರೆಯಾದ ಈ ಅರ್ಧ ನಿಮಿಷಕ್ಕೆ ಸಂಜೆ ಒಂದು ದನಿ ಸೇರುತ್ತದೆ: “ಈ ದಿನ ಬೆಳಿಗ್ಗೆ ಅಂಗಳದ ತಪಾಸಣೆ ನಡೆಸಲಾಯಿತು. ಅಡಿಕೆ ಒಣಗುತ್ತಿದೆ. ನಮ್ಮ ಹಾಲು ಮಾತ್ರ ಇನ್ನೂ ಬಂದಿಲ್ಲ.” ಮನೆಮಂದಿಯೆಲ್ಲ ನಗುತ್ತಾರೆ.

ಸಾಕುಬೆಕ್ಕಿನ ದೃಶ್ಯಕ್ಕೆ ಮನುಷ್ಯರ ದನಿ ಕೂಡಿಸಿ, ಅದು ಮನಸ್ಸಿನಲ್ಲಿ ಹೀಗೆ ಅಂದುಕೊಳ್ಳುತ್ತಿರಬಹುದು ಎಂದು ಕಲ್ಪಿಸುವ ಹಾಸ್ಯಪ್ರಕಾರ ಇದು. ನೋಡಲು ಸುಲಭವಾಗಿ ಕಾಣುತ್ತದೆ. ಆದರೂ ಹತ್ತು ಪ್ರಯತ್ನಗಳಲ್ಲಿ ಒಂದೋ ಎರಡೋ ಮಾತ್ರ ನಗಿಸುತ್ತವೆ. ಉಳಿದವುಗಳಲ್ಲಿ ಮಾತು ಒಂದು ಕಡೆ, ಬೆಕ್ಕು ಇನ್ನೊಂದು ಕಡೆ. ಗೆದ್ದ ದೃಶ್ಯದಲ್ಲಿ ಬೆಕ್ಕಿನ ಮೈ ಮೊದಲೇ ಹೇಳಿದ್ದನ್ನು ದನಿ ಬರೀ ಪೂರ್ತಿ ಮಾಡಿರುತ್ತದೆ.

ಕೋಲೆ ಬಸವನಿಂದ ಹಿಡಿದು

ಪ್ರಾಣಿಯ ಮನಸ್ಸಿಗೆ ಮನುಷ್ಯ ಮಾತು ಕೊಡುವುದು ಕನ್ನಡದ ಬೀದಿಗಳಿಗೆ ಹಳೆಯ ಆಟ. ಬಣ್ಣದ ಗೌಸು ಹೊದ್ದ ಕೋಲೆ ಬಸವನನ್ನು ಮನೆ ಬಾಗಿಲಿಗೆ ತರುವಾತ ಒಂದೊಂದೇ ಪ್ರಶ್ನೆ ಕೇಳುತ್ತಾನೆ. ಮಳೆ ಬರುತ್ತದೆಯೇ, ಮಗಳ ಮದುವೆ ಆಗುತ್ತದೆಯೇ ಎಂದರೆ ಬಸವ ತಲೆ ಆಡಿಸುತ್ತದೆ. ಆ ತಲೆಯಾಟಕ್ಕೆ ಅರ್ಥ ಹೇಳುವವನು ಪಕ್ಕದಲ್ಲಿ ನಿಂತವನೇ. ಅಲುಗಾಟ ಪ್ರಾಣಿಯದು, ಮಾತು ಮನುಷ್ಯನದು ಎಂಬ ಒಪ್ಪಂದ ಅಲ್ಲಿಯೇ ಇದೆ. ನೋಡುವವರೂ ಅದನ್ನು ಬಲ್ಲರು.

ಪಂಚತಂತ್ರದ ಬೆಕ್ಕು ಬೇರೆ ಜಾತಿಯದು. ಜಪಮಾಲೆ ಹಿಡಿದು ನ್ಯಾಯ ಹೇಳುವ ಆ ಕಪಟ ಸನ್ಯಾಸಿ, ಬೆಕ್ಕಿನ ವೇಷದಲ್ಲಿರುವ ಮನುಷ್ಯ. ಕಥೆಗಾರನಿಗೆ ಬೇಕಾದ್ದನ್ನು ಅದು ಮಾಡುತ್ತದೆ. ದನಿ ಕೂಡಿಸುವ ಹಾಸ್ಯದಲ್ಲಿ ಬೆಕ್ಕು ಯಾರ ಮಾತನ್ನೂ ಕೇಳುವುದಿಲ್ಲ. ಅದು ತನ್ನ ಪಾಡಿಗೆ ತಾನು ಏನೋ ಮಾಡಿ ಹೋಗಿರುತ್ತದೆ. ಬರೆಯುವವರು ಅದರ ಹಿಂದೆ ಹೋಗಬೇಕು.

ಹೊರನಾಡುಗಳಲ್ಲಿ ಈ ಪ್ರಕಾರಕ್ಕೆ ದೊಡ್ಡ ಹೆಸರುಗಳಿವೆ. ಜಪಾನಿನ ನತ್ಸುಮೆ ಸೋಸೆಕಿ 1905-06ರಲ್ಲಿ ಧಾರಾವಾಹಿಯಾಗಿ ಬರೆದ ಕಾದಂಬರಿಯ ನಿರೂಪಕ ಒಂದು ಬೆಕ್ಕು. ಅದು ತನ್ನ ಯಜಮಾನನಾದ ಮೇಷ್ಟರನ್ನೂ ಅವರ ಗೆಳೆಯರನ್ನೂ ಮೇಲಿನಿಂದ ನೋಡುತ್ತ ಕಥೆ ಹೇಳುತ್ತದೆ. ಬ್ರಿಟನ್ನಿನ ಬಿಬಿಸಿಯಲ್ಲಿ ಜಾನಿ ಮಾರಿಸ್ 1962ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಮೃಗಾಲಯದ ಪ್ರಾಣಿಗಳಿಗೆ ದನಿ ಕೊಟ್ಟರು. ಒಂಟೆಗೊಂದು, ಕೋತಿಗೊಂದು ಗಂಟಲು. ಅಮೆರಿಕದ ವಿಲ್ ಬ್ರೇಡನ್ 2006ರಲ್ಲಿ ಮಾಡಿದ ಪುಟ್ಟ ಚಿತ್ರದಲ್ಲಿ ಆನ್ರಿ ಎಂಬ ಕಪ್ಪು ಬಿಳಿ ಬೆಕ್ಕು, ಬದುಕಿನ ಶೂನ್ಯವನ್ನು ಕುರಿತು ಫ್ರೆಂಚ್ ಭಾಷೆಯಲ್ಲಿ ಚಿಂತಿಸುತ್ತದೆ. ಅದರ ಎರಡನೆಯ ಭಾಗಕ್ಕೆ 2012ರಲ್ಲಿ ಮಿನಿಯಾಪೊಲಿಸ್‌ನ ವಾಕರ್ ಕಲಾಕೇಂದ್ರ ನಡೆಸಿದ ಬೆಕ್ಕಿನ ಚಿತ್ರಗಳ ಉತ್ಸವದಲ್ಲಿ ಬಹುಮಾನ ಬಂತು.

ಆನ್ರಿಯಿಂದ ಕಲಿಯಬೇಕಾದ್ದು ಒಂದಿದೆ. ಆ ಬೆಕ್ಕು ಚಿತ್ರದಲ್ಲಿ ವಿಶೇಷವಾದದ್ದನ್ನು ಏನೂ ಮಾಡುವುದಿಲ್ಲ. ಮಲಗುತ್ತದೆ, ಕಿಟಕಿಯಿಂದ ನೋಡುತ್ತದೆ, ಮತ್ತೆ ಮಲಗುತ್ತದೆ. ಹಾರಿ ಬೀಳುವ ಬೆಕ್ಕಿಗೆ ದನಿ ಬೇಕಿಲ್ಲ, ಬಿದ್ದದ್ದೇ ನಗು. ಸುಮ್ಮನೆ ಕೂತ ಬೆಕ್ಕಿಗೇ ಮಾತು ಬೇಕು.

ಬೆಕ್ಕಿನ ಮುಖವೇ ಏಕೆ

ನಾಯಿಯ ಭಾವ ಮುಖದ ಮೇಲೇ ಇರುತ್ತದೆ. ಸಂತೋಷವಾದರೆ ಬಾಲದಿಂದ ಹಿಡಿದು ಮೂಗಿನವರೆಗೆ ಇಡೀ ಮೈ ಕುಣಿಯುತ್ತದೆ. ಅದಕ್ಕೆ ಬೇರೆ ಅರ್ಥ ಕೊಡಲು ಹೋದರೆ ನೋಡುವವರು ನಂಬುವುದಿಲ್ಲ. ಬೆಕ್ಕಿಗೂ ನೂರಾರು ಮುಖಭಾವಗಳಿವೆ. ಸಂಶೋಧಕರು 2023ರಲ್ಲಿ 276 ಬಗೆಗಳನ್ನು ಪಟ್ಟಿ ಮಾಡಿದರು. ಆದರೆ ಅವು ಬಹಳ ಸಣ್ಣ ಚಲನೆಗಳು: ಕಿವಿಯ ಒಂದು ತಿರುವು, ಮೀಸೆಯ ಒಂದು ಸರಿದಾಟ, ರೆಪ್ಪೆಯ ಅರ್ಧ ಇಳಿತ. ಅಭ್ಯಾಸವಿಲ್ಲದ ಕಣ್ಣಿಗೆ ಆ ಮುಖ ಗಂಭೀರವಾಗಿ, ಏನನ್ನೋ ಅಳೆಯುತ್ತಿರುವಂತೆ ಕಾಣುತ್ತದೆ.

ಇಂಥ ಮುಖದ ಬಲವನ್ನು ಸಿನಿಮಾದವರು ನೂರು ವರ್ಷದ ಹಿಂದೆಯೇ ಕಂಡುಕೊಂಡಿದ್ದರು. ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ನಟನೊಬ್ಬನ ಭಾವರಹಿತ ಮುಖದ ಒಂದೇ ಚಿತ್ರಿಕೆಯನ್ನು ಬೇರೆ ಬೇರೆ ದೃಶ್ಯಗಳ ಪಕ್ಕ ಜೋಡಿಸಿದ. ಸೂಪಿನ ಬಟ್ಟಲಿನ ಪಕ್ಕ ಇಟ್ಟಾಗ ಆ ಮುಖದಲ್ಲಿ ಹಸಿವು ಕಂಡಿತು. ಶವಪೆಟ್ಟಿಗೆಯ ಪಕ್ಕ ಇಟ್ಟಾಗ ದುಃಖ ಕಂಡಿತು. ಮುಖ ಬದಲಾಗಿರಲಿಲ್ಲ. ಬೆಕ್ಕಿನ ಮುಖ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಪಕ್ಕದ ದೃಶ್ಯ ಅಥವಾ ಮೇಲಿನ ಮಾತು ಯಾವ ಅರ್ಥ ಕೊಡುತ್ತದೋ ಅದನ್ನು ತಕರಾರಿಲ್ಲದೆ ಹೊತ್ತುಕೊಳ್ಳುತ್ತದೆ.

ಇನ್ನೊಂದು ಅನುಕೂಲ ಬಾಯಿ. ಮನಸ್ಸಿನ ಮಾತು ಎಂದಮೇಲೆ ತುಟಿ ಅಲುಗಬೇಕಿಲ್ಲ. ಮಿಯಾಂವ್ ಎಂದು ಬಾಯಿ ತೆರೆದ ಕಡೆ ಮನುಷ್ಯರ ಮಾತನ್ನು ತುರುಕಿದರೆ ಅದು ಡಬ್ಬಿಂಗ್ ಆಗಿಬಿಡುತ್ತದೆ, ಬೇಗ ಹಳಸುತ್ತದೆ. ಅನುಭವಿಗಳು ಮಿಯಾಂವ್ ಅನ್ನು ಹಾಗೆಯೇ ಬಿಟ್ಟು, ಅದರ ಹಿಂದೆ ಮುಂದೆ ಮಾತು ಇಡುತ್ತಾರೆ. ಬೆಳೆದ ಬೆಕ್ಕುಗಳು ಒಂದನ್ನೊಂದು ಮಾತಾಡಿಸಲು ಮಿಯಾಂವ್ ಅನ್ನುವುದು ಕಡಿಮೆ. ಆ ಕೂಗು ಹೆಚ್ಚಾಗಿ ಮನುಷ್ಯರಿಗಾಗಿ ಮೀಸಲು. ಹಾಗಾಗಿ “ಇವರಿಗೆ ಇವರ ಭಾಷೆಯಲ್ಲೇ ಹೇಳಬೇಕು” ಎಂದು ಬೆಕ್ಕು ಅಂದುಕೊಂಡು, ಆಮೇಲೆ ಮಿಯಾಂವ್ ಎಂದರೆ ನಗುವಿನ ಜೊತೆ ನಿಜವೂ ಬಂದಂತಾಗುತ್ತದೆ.

ಇಂಥ ನಿಜಗಳು ಹಾಸ್ಯಕ್ಕೆ ಒಳ್ಳೆಯ ಗೊಬ್ಬರ. ಬೆಕ್ಕು ತನ್ನ ಹೆಸರನ್ನು ಬೇರೆ ಪದಗಳಿಂದ ಬೇರ್ಪಡಿಸಿ ಗುರುತಿಸಬಲ್ಲದು ಎಂದು ಜಪಾನಿನ ಅಧ್ಯಯನವೊಂದು 2019ರಲ್ಲಿ ತೋರಿಸಿತು. ಹೆಸರು ಕರೆದಾಗ ಅದು ಕಿವಿ ಮಾತ್ರ ಹೊರಳಿಸಿ ಅಲ್ಲೇ ಕೂತಿರುವುದನ್ನು ಸಾಕಿದವರೆಲ್ಲ ನೋಡಿದ್ದಾರೆ. “ಹೆಸರು ಕೇಳಿಸಿದೆ. ಉತ್ತರ ಕೊಡುವ ಪ್ರಸಂಗ ಉದ್ಭವಿಸಿಲ್ಲ” ಎಂಬ ಸಾಲು ಆ ಕಿವಿಗೆ ಸರಿಯಾಗಿ ಕೂರುತ್ತದೆ. ಊಟ ಬೇಕಾದಾಗಿನ ಗುರುಗುರು ಸದ್ದಿನೊಳಗೆ ಅಳುವಿನಂಥ ಎತ್ತರದ ಸ್ವರ ಬೆರೆತಿರುತ್ತದೆ, ಅದು ಮನುಷ್ಯರನ್ನು ಎಬ್ಬಿಸುತ್ತದೆ ಎಂದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಕಟಿಸಿದರು. ಮುಂಜಾನೆ ಐದಕ್ಕೆ ಹಾಸಿಗೆಯ ಪಕ್ಕ ಬಂದು ಕೂರುವ ಬೆಕ್ಕಿನ ಪ್ರಸಂಗ ಬರೆಯುವವರಿಗೆ ಇದಕ್ಕಿಂತ ಬೇರೆ ಸಾಮಗ್ರಿ ಬೇಡ.

ಯಾವ ಕನ್ನಡ ಮಾತಾಡಬೇಕು

ಬೆಕ್ಕಿನ ಭಾಷೆ ಯಾವುದು ಎಂಬುದು ಮೊದಲ ದೊಡ್ಡ ತೀರ್ಮಾನ. ಇಲ್ಲಿ ಕನ್ನಡಕ್ಕೆ ಒಂದು ಸಂಪತ್ತು ಇದೆ. ಮನೆಯ ಮಾತು ಒಂದು, ಕಚೇರಿಯ ಮಾತು ಇನ್ನೊಂದು, ಪೌರಾಣಿಕ ನಾಟಕದ ಮಾತು ಮತ್ತೊಂದು, ರೇಡಿಯೋ ವಾರ್ತೆಯದು ಮಗದೊಂದು. 1965ರಿಂದ ಭದ್ರಾವತಿ ಆಕಾಶವಾಣಿ ಕೇಳಿಕೊಂಡು ಬಂದ ಈ ಸೀಮೆಯ ಮನೆಗಳಲ್ಲಿ ವಾರ್ತೆಯ ಧಾಟಿ ಕಿವಿಗೆ ಬಿದ್ದ ಕೂಡಲೇ ಎಲ್ಲರೂ ಗುರುತು ಹಿಡಿಯುತ್ತಾರೆ. “ಅಡುಗೆಮನೆಯ ಕಟ್ಟೆಯ ಮೇಲಿನ ಸಂಚಾರಕ್ಕೆ ಅನಿರ್ದಿಷ್ಟಾವಧಿ ನಿರ್ಬಂಧ ಹೇರಲಾಗಿದೆ” ಎಂದು ಅದೇ ಏರಿಳಿತದಲ್ಲಿ ಓದಿದರೆ ಅಜ್ಜಿಗೂ ನಗು, ಮೊಮ್ಮಗುವಿಗೂ ನಗು.

ಮನೆಯವರು ಆಡುಮಾತಿನಲ್ಲೇ ಇರಬೇಕು. ಅಜ್ಜಿ “ಎಂತ ಮಾರಾಯ ನಿಂದು, ಆಗ್ಲೇ ಹಾಕಿದ್ನಲ್ಲ” ಅನ್ನುವಾಗ ಬೆಕ್ಕಿನ ಮನಸ್ಸು “ಸದರಿ ಹೇಳಿಕೆಗೆ ಯಾವುದೇ ದಾಖಲೆ ಲಭ್ಯವಿಲ್ಲ” ಅನ್ನಬೇಕು. ಎರಡು ಕನ್ನಡಗಳ ನಡುವಿನ ದೂರವೇ ಹಾಸ್ಯದ ಜಾಗ. ಬೆಕ್ಕೂ ಮನೆಯವರಂತೆಯೇ ಮಾತಾಡಿದರೆ ಆ ಜಾಗ ಮುಚ್ಚಿಹೋಗುತ್ತದೆ.

ಊರಿಗೆ ತಕ್ಕಂತೆ ವೃತ್ತಿಯೂ ಬದಲಾಗಬಹುದು. ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳ ಪಾಳಿಗೆ ಬದುಕು ಹೊಂದಿಸಿಕೊಂಡಿದ್ದ ಭದ್ರಾವತಿಯ ಕ್ವಾರ್ಟರ್ಸಿನ ಬೆಕ್ಕು ಸಹಜವಾಗಿಯೇ ರಾತ್ರಿ ಪಾಳಿಯ ನೌಕರ. ಬೆಳಿಗ್ಗೆ ಅದು ಮಲಗಿದ್ದನ್ನು ಪ್ರಶ್ನಿಸುವ ಹಕ್ಕು ಯಾರಿಗೂ ಇಲ್ಲ. ಹೊಳೆಹೊನ್ನೂರಿನ ತೋಟದ ಮನೆಯದು ಮೇಲ್ವಿಚಾರಕ. ಶಿವಮೊಗ್ಗ ನಗರದ ಬಾಡಿಗೆ ಮನೆಯಲ್ಲಿ ಅದು ಮನೆಯ ಮಾಲೀಕ, ಉಳಿದವರು ಬಾಡಿಗೆದಾರರು. ಮುಖ್ಯವಾದ ಮಾತೆಂದರೆ, ಒಮ್ಮೆ ಹಿಡಿದ ವೃತ್ತಿಯನ್ನು ಬೆಕ್ಕು ಬಿಡಬಾರದು. ಈ ವಾರ ಅಧಿಕಾರಿ, ಮುಂದಿನ ವಾರ ಕವಿ ಎಂದಾದರೆ ನೋಡುವವರಿಗೆ ಪರಿಚಯವೇ ಬೆಳೆಯುವುದಿಲ್ಲ.

ಅರ್ಧ ನಿಮಿಷದ ಕೆಲಸ

ಮೊದಲು ಹೇಳಿದ ಅಡಿಕೆ ಅಂಗಳದ ದೃಶ್ಯವನ್ನೇ ತೆಗೆದುಕೊಂಡು ಕೆಲಸದ ಕ್ರಮ ನೋಡಬಹುದು. ಮೊಬೈಲಿನಲ್ಲಿ ಮೂರು ನಿಮಿಷದ ಚಿತ್ರೀಕರಣ ಇದೆ ಎಂದುಕೊಳ್ಳೋಣ. ಬೆಕ್ಕಿನ ಕಣ್ಣಿನ ಮಟ್ಟಕ್ಕೆ ಮೊಬೈಲ್ ಇಳಿಸಿ ತೆಗೆದಿದ್ದರೆ ಅದು ದೊಡ್ಡವರಂತೆ ಕಾಣುತ್ತದೆ. ನಿಂತು ಮೇಲಿನಿಂದ ತೆಗೆದಿದ್ದರೆ ಮೇಲ್ವಿಚಾರಕನ ಗತ್ತು ಹೋಗಿಬಿಡುತ್ತದೆ.

ಮೊದಲ ಸಲ ಸದ್ದು ಮುಚ್ಚಿ ನೋಡಬೇಕು. ಬೆಕ್ಕು ಎಲ್ಲೆಲ್ಲಿ ಬದಲಾಗುತ್ತದೋ ಅಲ್ಲಲ್ಲಿ ಸೆಕೆಂಡು ಗುರುತು ಹಾಕಿಕೊಳ್ಳಬೇಕು. ಈ ದೃಶ್ಯದಲ್ಲಿ ನಾಲ್ಕು ಬದಲಾವಣೆ ಇವೆ: ಕೂರುವುದು, ಬಾಗಿಲ ಕಡೆ ನೋಡುವುದು, ಒಂದು ಕಿವಿ ಮಾತ್ರ ಹಿಂದಕ್ಕೆ ತಿರುಗುವುದು, ಮುಂಗಾಲು ನೆಕ್ಕತೊಡಗುವುದು. ಉಳಿದದ್ದನ್ನು ಕತ್ತರಿಸಿದರೆ ಮೂವತ್ತೈದು ಸೆಕೆಂಡು ಉಳಿಯುತ್ತದೆ. ಮಾತು ಬರೆಯುವುದು ಇದಾದ ಮೇಲೆ. ಮೊದಲು ಮಾತು ಬರೆದು ಅದಕ್ಕೆ ದೃಶ್ಯ ಹುಡುಕುವವರು ಸಾಮಾನ್ಯವಾಗಿ ಸೋಲುತ್ತಾರೆ.

ಆರಾಮವಾಗಿ ಓದುವಾಗ ಹತ್ತು ಸೆಕೆಂಡಿಗೆ ಹದಿನೈದು ಕನ್ನಡ ಪದಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಮೂವತ್ತೈದು ಸೆಕೆಂಡನ್ನೂ ಮಾತಿನಿಂದ ತುಂಬಿದರೆ ಬೆಕ್ಕನ್ನು ನೋಡಲು ಬಿಡುವೇ ಸಿಗದು. ಇಪ್ಪತ್ತೈದು ಪದಗಳಷ್ಟು ಇದ್ದರೆ ಸಾಕು. ಮಿಕ್ಕಿದ್ದು ಮೌನ. ಈ ಮೌನವನ್ನು ಉಳಿಸುವುದೇ ಹೊಸಬರಿಗೆ ಅತಿ ಕಷ್ಟದ ಕೆಲಸ.

ವಾಕ್ಯದ ಕೊನೆಗೆ ಕ್ರಿಯಾಪದ ಬರುವುದು ಕನ್ನಡದ ರೂಢಿ. ಇದು ದನಿ ಕೊಡುವವರಿಗೆ ಸಿಕ್ಕ ವರ. “ನಮ್ಮ ಹಾಲು ಮಾತ್ರ ಇನ್ನೂ...” ಎನ್ನುವವರೆಗೂ ಬೆಕ್ಕು ಬಾಗಿಲ ಕಡೆಗೇ ನೋಡುತ್ತಿರುತ್ತದೆ. ಅದು ಮುಖ ತಿರುಗಿಸುವ ಕ್ಷಣಕ್ಕೆ ಸರಿಯಾಗಿ “ಬಂದಿಲ್ಲ” ಬಿದ್ದರೆ ಆ ತಿರುವೇ ಮುನಿಸಾಗುತ್ತದೆ. ಅರ್ಧ ಸೆಕೆಂಡು ಮುಂಚೆ ಬಿದ್ದರೆ ಬರೀ ಸುದ್ದಿ. ಅರ್ಧ ಸೆಕೆಂಡು ತಡವಾದರೆ ಬೆಕ್ಕು ಬೇರೆ ಏನೋ ಯೋಚಿಸುತ್ತಿದೆ ಅನ್ನಿಸುತ್ತದೆ. ಅದಕ್ಕೇ ಒಂದೇ ಸಾಲನ್ನು ಐದಾರು ಸಲ ಓದಿ ಇಟ್ಟುಕೊಂಡು, ಕೂರುವುದನ್ನು ಆರಿಸಿಕೊಳ್ಳುತ್ತಾರೆ.

ದನಿ ಮುದ್ರಿಸಲು ಸ್ಟುಡಿಯೋ ಬೇಕಿಲ್ಲ. ಫ್ಯಾನು ನಿಲ್ಲಿಸಿ, ಹಾಸಿಗೆ ಬಟ್ಟೆ ತುಂಬಿದ ಕೋಣೆಯಲ್ಲಿ ಮೊಬೈಲನ್ನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಹಿಡಿದರೆ ಗೋಡೆಯ ಮಾರ್ದನಿಯೂ ಉಸಿರಿನ ಬಡಿತವೂ ಕಡಿಮೆಯಾಗುತ್ತವೆ. ದನಿಯಲ್ಲಿ ನಗು ಇಣುಕಬಾರದು. ಓದುವವರಿಗೆ ಬೆಕ್ಕಿನ ಅಹವಾಲು ನಿಜವಾಗಿಯೂ ಗಂಭೀರ ಅನ್ನಿಸಬೇಕು. ಅಂಗಳದ ಮೂಲ ಸದ್ದು, ಅಂದರೆ ಕಾಗೆ, ಪಾತ್ರೆ, ದೂರದ ಟ್ರ್ಯಾಕ್ಟರ್, ಮೆಲ್ಲಗೆ ಹಿಂದೆ ಇರಲಿ. ಅದನ್ನು ಪೂರ್ತಿ ಅಳಿಸಿ ಹಾಡು ಹಾಕಿದರೆ ಬೆಕ್ಕು ಆ ಮನೆಯದಾಗಿ ಉಳಿಯುವುದಿಲ್ಲ.

ಕುಕ್ಕರ್ ಎಂಬ ಹಿರಿಯ ಅಧಿಕಾರಿ

ಒಂದು ಸಲ ನಗಿಸುವುದು ಒಂದು, ಅದೇ ವಿಷಯಕ್ಕೆ ಹತ್ತನೆಯ ಸಲವೂ ನಗಿಸುವುದು ಇನ್ನೊಂದು. ಮರುಕಳಿಸುವ ನಗೆ ಎಂದರೆ ಅದೇ ಸಾಲನ್ನು ಮತ್ತೆ ಮತ್ತೆ ಹೇಳುವುದು ಎಂದು ತಿಳಿದವರು ಮೂರನೆಯ ಕಂತಿಗೇ ಬೇಸರ ತರಿಸುತ್ತಾರೆ. ಮರುಕಳಿಸಬೇಕಾದ್ದು ಬೆಕ್ಕಿನ ಒಂದು ತಪ್ಪು ತಿಳಿವಳಿಕೆ. ಅದರಿಂದ ಹೊಸ ಹೊಸ ಪರಿಣಾಮಗಳು ಹುಟ್ಟುತ್ತ ಹೋಗಬೇಕು.

ಮೇಲಿನ ದೃಶ್ಯದಲ್ಲಿ ಕಿವಿ ಹಿಂದಕ್ಕೆ ತಿರುಗಿದ್ದು ಅಡುಗೆಮನೆಯ ಕುಕ್ಕರ್ ಸೀಟಿಗೆ. ಬೆಕ್ಕಿನ ದೃಷ್ಟಿಯಿಂದ ನೋಡಿದರೆ ಇದು ವಿಚಾರ ಮಾಡಬೇಕಾದ ಸಂಗತಿ. “ನಾವು ಹತ್ತು ಸಲ ಕೂಗಿದರೂ ಏಳದವರು, ಅದು ಒಂದು ಸಲ ಕೂಗಿದೊಡನೆ ಓಡುತ್ತಾರೆ.” ಹಾಗಾದರೆ ಕುಕ್ಕರ್ ತನಗಿಂತ ಹಿರಿಯ ಅಧಿಕಾರಿ ಇರಬೇಕು! ಇದು ಮೊದಲ ಕಂತಿನ ಬೀಜ. ಇಲ್ಲಿ ಬರೀ ದೂರು ಇದೆ.

ಎರಡನೆಯ ಕಂತಿನಲ್ಲಿ ಬೆಕ್ಕು ಅಡುಗೆಮನೆಯ ಬಾಗಿಲಲ್ಲಿ ಕೂತು ಒಲೆಯ ಕಡೆ ನೋಡುವ ದೃಶ್ಯ ಸಿಕ್ಕಿದರೆ ಅದು ಹಿರಿಯರ ಭೇಟಿಗೆ ಬಂದಿದೆ ಎಂದಾಗುತ್ತದೆ: “ಸಾಹೇಬರು ಬಿಸಿಯಾಗಿದ್ದಾರೆ. ಆಮೇಲೆ ಬರುವುದು.” ಮೂರನೆಯದರಲ್ಲಿ ತೊಳೆದು ಬೋರಲು ಹಾಕಿದ ಕುಕ್ಕರನ್ನು ಅದು ಮೂಸುತ್ತದೆ: “ರಜೆಯ ಮೇಲಿದ್ದಾರೆ. ಪ್ರಭಾರ ನಮ್ಮದು.” ಆಮೇಲೆ ಒಂದು ದಿನ ಗ್ಯಾಸ್ಕೆಟ್ ಹಾಳಾಗಿ ಸೀಟಿಯೇ ಬರುವುದಿಲ್ಲ, ಅಜ್ಜಿ ಕುಕ್ಕರಿನ ಮುಂದೆ ಕಾಯುತ್ತ ನಿಂತಿದ್ದಾರೆ, ಬೆಕ್ಕು ಮಿಯಾಂವ್ ಅನ್ನುತ್ತದೆ, ಅಜ್ಜಿ ತಿರುಗಿ ನೋಡುತ್ತಾರೆ. ಅಲ್ಲಿ ಒಂದೂ ಮಾತು ಬೇಡ. ನೋಡುವವರು ಮಾತನ್ನು ತಾವೇ ತುಂಬಿಕೊಳ್ಳುತ್ತಾರೆ. ಮರುಕಳಿಸುವ ನಗೆ ಹಣ್ಣಾಗಿದೆ ಎಂಬುದಕ್ಕೆ ಗುರುತು ಇದೇ: ದನಿ ಸುಮ್ಮನಾದರೂ ನಗು ಬರುತ್ತದೆ.

ಒಂದು ಸರಣಿಗೆ ಇಂಥ ಎರಡು ಮೂರು ಎಳೆಗಳು ಸಾಕು, ಒಂದು ಕಂತಿನಲ್ಲಿ ಒಂದೇ ಮುಂದಿರಬೇಕು. ಬೆಕ್ಕು ಅಡ್ಡ ಬಂದರೆ ಅಪಶಕುನ ಎಂಬ ನಂಬಿಕೆಯನ್ನು ತಿರುಗಿಸಿ, ಮನುಷ್ಯ ಅಡ್ಡ ಬಂದನೆಂದು ಬೆಕ್ಕು ಮನೆಗೆ ವಾಪಸಾಗುವುದು ಎರಡನೆಯ ಎಳೆ ಆಗಬಹುದು. ಬೆಕ್ಕು ನಿಂತು, ತಿರುಗಿ ಹೋಗುವ ದೃಶ್ಯ ಯಾವ ಮನೆಯಲ್ಲೂ ದಿನಕ್ಕೊಂದು ಸಿಗುತ್ತದೆ.

ನಗು ಯಾರ ಮೇಲೆ ಬೀಳುತ್ತದೆ

ಇಡೀ ಕುಟುಂಬ ಒಟ್ಟಿಗೆ ಕೂತು ನೋಡುವಂತಿರಬೇಕಾದರೆ ನಗು ಬೀಳುವ ಜಾಗ ಸರಿಯಿರಬೇಕು. ಬೆಕ್ಕಿನ ಗತ್ತು, ಮನುಷ್ಯರ ಗಡಿಬಿಡಿ, ಮನೆಯ ವಸ್ತುಗಳ ವಿಚಿತ್ರ ವರ್ತನೆ ಇವು ಯಾರನ್ನೂ ನೋಯಿಸದ ಜಾಗಗಳು. ಮನೆಯವರೊಬ್ಬರ ಮೈಬಣ್ಣ, ದಪ್ಪ, ಸೊಸೆಯ ಅಡುಗೆ, ನೆರೆಮನೆಯವರ ಜಗಳ ಇವುಗಳಿಗೆ ಬೆಕ್ಕಿನ ಬಾಯಿ ಬಳಸಿದರೆ ಅದು ಚಾಡಿ ಆಗುತ್ತದೆ, ಮಾತು ಆಡಿದವರು ಬೆಕ್ಕಿನ ಹಿಂದೆ ಅಡಗಿದಂತೆಯೂ ಕಾಣುತ್ತದೆ. ಕುಕ್ಕರಿನ ಎಳೆ ಮೃದುವಾಗಿರುವುದಕ್ಕೆ ಕಾರಣ ಅಲ್ಲಿ ಸೋಲುವವರು ಯಾರೂ ಇಲ್ಲ. ಬೆಕ್ಕಿಗೆ ಗೊತ್ತಿಲ್ಲದ್ದು ನೋಡುವವರಿಗೆ ಗೊತ್ತಿದೆ, ಅಷ್ಟೇ.

ಬೆಕ್ಕಿನ ಕಡೆಯಿಂದಲೂ ಒಂದು ಗಡಿ ಇದೆ. ಕಿವಿಗಳು ತಲೆಗೆ ಅಂಟಿಕೊಂಡು ಚಪ್ಪಟೆಯಾಗಿರುವುದು, ಬೆಳಕಿದ್ದರೂ ಕಣ್ಣಿನ ಪಾಪೆ ಅಗಲವಾಗಿರುವುದು, ಮೈ ನೆಲಕ್ಕೆ ಒತ್ತಿಕೊಂಡಿರುವುದು, ಬಾಲ ಪಟಪಟನೆ ಬಡಿಯುವುದು ಇವು ಭಯ ಅಥವಾ ಸಿಟ್ಟಿನ ಗುರುತು. 2015ರ ಸುಮಾರಿಗೆ ಊಟ ಮಾಡುತ್ತಿರುವ ಬೆಕ್ಕಿನ ಹಿಂದೆ ಸದ್ದಿಲ್ಲದೆ ಸೌತೆಕಾಯಿ ಇಟ್ಟು ಬೆಚ್ಚಿಬೀಳಿಸುವ ದೃಶ್ಯಗಳು ಲೋಕವೆಲ್ಲ ಹರಡಿದ್ದವು. ನಡವಳಿಕೆ ಬಲ್ಲವರು ಅದನ್ನು ಆಗಲೇ ಖಂಡಿಸಿದರು. ತಾನು ನಿರ್ಭಯವಾಗಿ ಉಣ್ಣುವ ಜಾಗದಲ್ಲೇ ಹೆದರಿದ ಬೆಕ್ಕು ಆಮೇಲೂ ಅಲ್ಲಿ ನೆಮ್ಮದಿಯಾಗಿರದು. ಅಂಥ ದೃಶ್ಯಕ್ಕೆ ಎಷ್ಟು ಚೆಂದದ ಮಾತು ಕೂಡಿಸಿದರೂ ಅದು ಸುಳ್ಳು, ಏಕೆಂದರೆ ಬೆಕ್ಕಿನ ಮೈ ಬೇರೆಯದನ್ನೇ ಕೂಗಿ ಹೇಳುತ್ತಿರುತ್ತದೆ.

ಕೆಲವು ಗುರುತುಗಳು ಇನ್ನೂ ಸೂಕ್ಷ್ಮ. ಮೂಲೆಯಲ್ಲಿ ಮುದುಡಿ ಕೂತು, ಕಣ್ಣು ಕಿರಿದು ಮಾಡಿ, ಮೂತಿ ಬಿಗಿದ ಬೆಕ್ಕನ್ನು ಮುನಿಸಿಕೊಂಡ ಮೇಲ್ವಿಚಾರಕ ಎಂದು ಓದುವುದು ಸುಲಭ. ನಿಜದಲ್ಲಿ ಅದು ನೋವಿನ ಭಂಗಿ ಇರಬಹುದು. ಪದೇ ಪದೇ ಮರಳಿನ ತಟ್ಟೆಗೆ ಹೋಗಿ ತಿಣುಕುವ ಗಂಡು ಬೆಕ್ಕಿಗೆ ಮೂತ್ರ ಕಟ್ಟಿರುವ ಸಾಧ್ಯತೆ ಇದೆ; ಅದಕ್ಕೆ ಅದೇ ದಿನ ಪಶುವೈದ್ಯರ ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯ. ದೃಶ್ಯವನ್ನು ಸದ್ದು ಮುಚ್ಚಿ, ಸೆಕೆಂಡು ಸೆಕೆಂಡಾಗಿ ನೋಡುವ ಅಭ್ಯಾಸ ಇರುವವರಿಗೆ ಇಂಥದ್ದು ಇತರರಿಗಿಂತ ಬೇಗ ಕಣ್ಣಿಗೆ ಬೀಳುತ್ತದೆ.

ಹಿತವಾಗಿರುವ ಬೆಕ್ಕಿನ ಗುರುತುಗಳೂ ಅಷ್ಟೇ ಸ್ಪಷ್ಟ. ಬಾಲ ನೆಟ್ಟಗೆ ಎತ್ತಿ ಬರುವುದು ಅದರ ಸ್ನೇಹದ ವಂದನೆ. ನಿಧಾನವಾಗಿ ರೆಪ್ಪೆ ಮುಚ್ಚಿ ತೆರೆಯುವುದು ನೆಮ್ಮದಿಯ ಸೂಚನೆ. ಎದುರಿನವರೂ ಹಾಗೆಯೇ ನಿಧಾನ ಕಣ್ಣು ಮಿಟುಕಿಸಿದರೆ ಬೆಕ್ಕು ಹತ್ತಿರ ಬರುವ ಸಂಭವ ಹೆಚ್ಚು ಎಂದು 2020ರ ಅಧ್ಯಯನವೊಂದು ಹೇಳುತ್ತದೆ. ದನಿ ಕೂಡಿಸಲು ಆರಿಸಿಕೊಳ್ಳಬೇಕಾದ್ದು ಈ ಹೊತ್ತುಗಳನ್ನೇ. ಮೊಬೈಲ್ ಹಿಡಿದು ಬೆಕ್ಕಿನ ಹಿಂದೆ ಅಲೆದರೆ ಅವು ಸಿಗುವುದಿಲ್ಲ. ಅದು ದಿನಾ ಕೂರುವ ಜಗಲಿಯ ಎದುರು, ಅದರ ಕಣ್ಣಿನ ಮಟ್ಟಕ್ಕೆ ಮೊಬೈಲನ್ನು ಒರಗಿಸಿಟ್ಟು ಪಕ್ಕಕ್ಕೆ ಸರಿದರೆ ಹತ್ತು ನಿಮಿಷದಲ್ಲಿ ಒಂದು ಕಂತಿಗೆ ಬೇಕಾದಷ್ಟು ಸಿಗುತ್ತದೆ.